ಫಿಟ್ಸ್ ನಿಂತಿತು, ಸಂಶಯ ಶುರುವಾಯಿತು

"ಮೊದ್ಲ ಫಿಟ್ಸ್ ಬರ್ತಿದ್ವುರಿ, ಆದ್ರ ಮನಶ್ಯಾ ಛಲೋ ಇದ್ದ. ಈಗ ಫಿಟ್ಸ್ ನಿಂತಾವ್ರಿ, ಮನಶ್ಯಾನ ಕೆಟ್ಟಾನ."

ಹಾವೇರಿ ಕಡೆಯ ತಾಯಿಯೊಬ್ಬಳು ನರರೋಗ ತಜ್ಞರ ಮೇಜಿನ ಮುಂದೆ ಕೂತು ಹೀಗೆ ಹೇಳುತ್ತಾಳೆ ಎನ್ನಿ. ಹೊರಗೆ ಅರವತ್ತು ಜನರ ಸಾಲು. ವೈದ್ಯರ ಕಿವಿಗೆ ಬೀಳುವುದು ಎರಡನೆಯ ವಾಕ್ಯದ ಮೊದಲರ್ಧ ಮಾತ್ರ. ಫಿಟ್ಸ್ ನಿಂತಿದೆ ಅಂದರೆ ಮಾತ್ರೆ ಕೆಲಸ ಮಾಡಿದೆ. "ಇದನ್ನೇ ಮುಂದುವರಿಸಿ, ಮೂರು ತಿಂಗಳು ಬಿಟ್ಟು ಬನ್ನಿ" ಎಂದು ಚೀಟಿ ಬರೆದುಕೊಡುತ್ತಾರೆ. ಮಾತಿನ ಉಳಿದರ್ಧವನ್ನು ಆ ತಾಯಿ ಮನೆಗೆ ವಾಪಸು ಒಯ್ಯುತ್ತಾಳೆ.

ಈ ಲೇಖನ ಆ ಉಳಿದರ್ಧದ ಬಗ್ಗೆ.

ಮೂರ್ಛೆರೋಗ ನಮ್ಮಲ್ಲಿ ಅಪರೂಪದ ಕಾಯಿಲೆಯಲ್ಲ. ನಿಮ್ಹಾನ್ಸ್ ತಜ್ಞರು ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರ ಸಮೀಕ್ಷೆ ನಡೆಸಿ 2004ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಸಾವಿರಕ್ಕೆ ಸುಮಾರು ಒಂಬತ್ತು ಜನರಿಗೆ ಈ ಕಾಯಿಲೆ ಇತ್ತು. ನಗರಕ್ಕಿಂತ ಹಳ್ಳಿಯಲ್ಲಿ ಹೆಚ್ಚುಕಡಿಮೆ ಎರಡು ಪಟ್ಟು. ಇಷ್ಟು ಜನರಲ್ಲಿ ನಾಲ್ಕೈದು ಮಂದಿಗೆ ಒಬ್ಬರು ಖಿನ್ನತೆಯಲ್ಲಿದ್ದಾರೆ ಎಂದು ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರು ಹೇಳುತ್ತಾರೆ. ನೂರಕ್ಕೆ ಐದಾರು ಜನರಿಗೆ ಸೈಕೋಸಿಸ್ ಬರುತ್ತದೆ. ಇಲ್ಲದ ದನಿ ಕೇಳಿಸುವುದು, ಯಾರೋ ತನ್ನ ಬೆನ್ನು ಹತ್ತಿದ್ದಾರೆಂದು ಅಲುಗಾಡದ ನಂಬಿಕೆ ಬೆಳೆಯುವುದು, ನಿಜ ಯಾವುದು ಭ್ರಮೆ ಯಾವುದು ಎಂಬ ಗೆರೆ ಅಳಿಸಿಹೋಗುವುದು, ಇವೆಲ್ಲ ಅದರ ಲಕ್ಷಣಗಳು. ಮೂರ್ಛೆರೋಗವಿಲ್ಲದವರಿಗೆ ಹೋಲಿಸಿದರೆ ಇದು ಏಳೆಂಟು ಪಟ್ಟು ಹೆಚ್ಚು. ಆದರೂ ಫಿಟ್ಸ್ ನೋಡುವವರು ಒಂದು ಕಟ್ಟಡದಲ್ಲಿ, ಮನಸ್ಸು ನೋಡುವವರು ಇನ್ನೊಂದು ಕಟ್ಟಡದಲ್ಲಿ. ಎರಡನ್ನೂ ಒಂದೇ ಆವರಣದಲ್ಲಿ ಇಟ್ಟುಕೊಂಡ ನಿಮ್ಹಾನ್ಸ್‌ನಂಥ ಸಂಸ್ಥೆ ಎಷ್ಟು ಊರುಗಳಲ್ಲಿದೆ?

ಒಬ್ಬ ವ್ಯಕ್ತಿಯನ್ನೇ ಹಿಡಿದು ನೋಡೋಣ. ಅವನ ಹೆಸರು ಬಸವರಾಜ ಎಂದಿಟ್ಟುಕೊಳ್ಳಿ. ನಿಜದಲ್ಲಿ ಇಂಥ ಒಬ್ಬನೇ ಒಬ್ಬ ಇಲ್ಲ. ವೈದ್ಯರು ಕಾಣುವ ಹಲವರ ಕಥೆ ಸೇರಿಸಿ ನಾನು ಕಟ್ಟಿದ ಮನುಷ್ಯ. ವಯಸ್ಸು 28, ಟೈಲರ್ ಅಂಗಡಿಯಲ್ಲಿ ಕೆಲಸ. ಒಂದೂವರೆ ವರ್ಷದ ಕೂಸಾಗಿದ್ದಾಗ ಜ್ವರ ನೆತ್ತಿಗೇರಿ ಬಹಳ ಹೊತ್ತು ಫಿಟ್ಸ್ ಬಂದಿತ್ತು. ಆಮೇಲೆ ಏನೂ ಇರಲಿಲ್ಲ. ಹದಿನಾಲ್ಕನೇ ವಯಸ್ಸಿಗೆ ಮತ್ತೆ ಶುರುವಾಯಿತು, ಬೇರೆ ರೂಪದಲ್ಲಿ. ಹೊಟ್ಟೆಯಿಂದ ಏನೋ ಮೇಲಕ್ಕೆ ಏರಿದಂತಾಗುತ್ತದೆ, ಸುಟ್ಟ ರಬ್ಬರಿನ ವಾಸನೆ ಬರುತ್ತದೆ, ಕಾರಣವಿಲ್ಲದ ಭಯ. ಅಷ್ಟರಲ್ಲಿ ಎಚ್ಚರ ತಪ್ಪಿ, ಕಣ್ಣು ಒಂದೇ ಕಡೆ ನೆಟ್ಟು, ತುಟಿ ಚಪ್ಪರಿಸುತ್ತ, ಅಂಗಿಯ ಗುಂಡಿ ತಡಕುತ್ತ ಕೂತುಬಿಡುತ್ತಾನೆ. ಒಂದೆರಡು ನಿಮಿಷ. ಅಪರೂಪಕ್ಕೆ ಮೈಯೆಲ್ಲ ಸೆಟೆದು ಬೀಳುವುದೂ ಉಂಟು.

ಇದು ಕಿವಿಯ ಹಿಂದೆ, ಮಿದುಳಿನ ಪಕ್ಕದಲ್ಲಿರುವ ಟೆಂಪೊರಲ್ ಲೋಬ್‌ನಿಂದ ಹುಟ್ಟುವ ಫಿಟ್ಸ್. ನೆನಪು, ಭಯ, ವಾಸನೆ, ಪರಿಚಿತ-ಅಪರಿಚಿತ ಎಂಬ ಭಾವನೆ ಎಲ್ಲವೂ ಸುಳಿದಾಡುವ ಜಾಗ ಅದೇ. ಹಿಪೊಕ್ಯಾಂಪಸ್ ಮತ್ತು ಅಮಿಗ್ಡಲ ಎಂಬ ಎರಡು ಭಾಗಗಳು ಅದರ ಒಳಮಗ್ಗುಲಲ್ಲಿವೆ. ಫಿಟ್ಸ್‌ಗೆ ಕಾರಣವಾದ ಗಾಯವೂ, ಭಾವನೆಗಳನ್ನು ನಡೆಸುವ ಜಾಲವೂ ಒಂದೇ ನೆಲದಲ್ಲಿ ಇವೆ ಎಂದಾಗ ಒಂದು ಕೆಟ್ಟರೆ ಇನ್ನೊಂದಕ್ಕೆ ತಾಗದಿರುವುದು ಹೇಗೆ? ಖಿನ್ನತೆ ಇದ್ದವರಿಗೆ ಮುಂದೆ ಮೂರ್ಛೆರೋಗ ಬರುವ ಸಾಧ್ಯತೆಯೂ ಉಳಿದವರಿಗಿಂತ ಹೆಚ್ಚು ಎಂದು ಈಗ ಗೊತ್ತಾಗಿದೆ. ಅಂದರೆ ದಾರಿ ಎರಡೂ ಕಡೆಗೆ ತೆರೆದಿದೆ. "ಪಾಪ, ಇಂಥ ರೋಗ ಬಂದ ಮೇಲೆ ಬೇಜಾರಾಗದೆ ಇರ್ತದಾ" ಎಂಬ ಸಮಾಧಾನ ಅರ್ಧ ಮಾತ್ರ ನಿಜ.

ಬಸವರಾಜ ಹತ್ತು ವರ್ಷದಿಂದ ಕಾರ್ಬಮಜೆಪಿನ್ ನುಂಗುತ್ತಿದ್ದ. ಆದರೂ ತಿಂಗಳಿಗೆ ಮೂರ್ನಾಲ್ಕು ಸಲ ಬರುತ್ತಿತ್ತು. ವೈದ್ಯರು ಜೊತೆಗೆ ಲೆವೆಟಿರಾಸಿಟಮ್ ಎಂಬ ಎರಡನೇ ಮಾತ್ರೆ ಸೇರಿಸಿದರು. ಒಳ್ಳೆಯ ಮಾತ್ರೆ. ಬೇರೆ ಔಷಧಗಳೊಡನೆ ಜಗಳವಾಡುವುದಿಲ್ಲ, ಲಿವರ್‌ಗೆ ಹೊರೆಯಲ್ಲ, ಬೇಗ ಕೆಲಸ ಮಾಡುತ್ತದೆ. ಇವತ್ತು ತುರ್ತು ಘಟಕಕ್ಕೆ ಫಿಟ್ಸ್ ಎಂದು ಹೋದ ಯಾರ ಚೀಟಿಯಲ್ಲೂ ಇದರ ಹೆಸರಿರುವ ಸಾಧ್ಯತೆ ಹೆಚ್ಚು.

ಬಸವರಾಜನ ತಾಯಿಗೆ ಒಂದು ಅಭ್ಯಾಸ. ಅಮಾವಾಸ್ಯೆಗೇ ಮಗನಿಗೆ ಫಿಟ್ಸ್ ಬರುತ್ತದೆ ಎಂದು ಯಾರೋ ಹೇಳಿದ್ದಕ್ಕೆ, ಅದು ಹೌದೋ ಅಲ್ಲವೋ ನೋಡಲು, ಗೋಡೆಯ ಕ್ಯಾಲೆಂಡರಿನಲ್ಲಿ ಫಿಟ್ಸ್ ಬಂದ ದಿನ ಕೆಂಪು ಪೆನ್ನಿನಲ್ಲಿ ಗುಣಿಸುವ ಗುರುತು ಹಾಕುತ್ತಾಳೆ. ಹೊಸ ಮಾತ್ರೆ ಕೊಟ್ಟ ದಿನ ಮೊಮ್ಮಗಳ ಕೈಯಲ್ಲಿ ಅದನ್ನೂ ಬರೆಸಿದ್ದಳು. ಅಮಾವಾಸ್ಯೆಯ ವಿಚಾರ ಇತ್ಯರ್ಥವಾಗಲಿಲ್ಲ, ಗುರುತುಗಳು ತಿಂಗಳ ತುಂಬ ಚೆದುರಿದ್ದವು. ಆದರೆ ಆ ಕ್ಯಾಲೆಂಡರ್ ಬೇರೊಂದು ಕೆಲಸಕ್ಕೆ ಬಂತು.

ಅದರಲ್ಲಿ ಇದ್ದದ್ದು ಇಷ್ಟು. ಜೂನ್ 3ಕ್ಕೆ ಹೊಸ ಮಾತ್ರೆ, 500 ಮಿಲಿಗ್ರಾಂ, ದಿನಕ್ಕೆರಡು. ಜೂನ್ 11ಕ್ಕೆ ಕೊನೆಯ ಕೆಂಪು ಗುರುತು. ಜೂನ್ 17ಕ್ಕೆ ಮಾತ್ರೆ 1000ಕ್ಕೆ ಏರಿಕೆ, ದಿನಕ್ಕೆರಡು. ಅಲ್ಲಿಂದಾಚೆ ಜುಲೈ ಪೂರ್ತಿ ಒಂದು ಗುರುತೂ ಇಲ್ಲ. ಕೇಳಿದಾಗ ಮನೆಯವರು ನೆನಪಿಸಿಕೊಂಡು ಹೇಳಿದ್ದು: ಜೂನ್ ಕೊನೆಯ ವಾರದಿಂದ ಸಿಡುಕು ಶುರುವಾಯಿತು. ಸಾರಿಗೆ ಉಪ್ಪು ಹೆಚ್ಚಾಯಿತೆಂದು ತಾಟು ಎಸೆದ. ಅಂಗಡಿಯಲ್ಲಿ ಗಿರಾಕಿಯ ಮೇಲೆ ಕತ್ತರಿ ಎತ್ತಿದ. ಎಸೆದ ಮೇಲೆ ತಾನೇ ಅತ್ತು, "ಯಾಕ ಹಿಂಗಾತೋ ಗೊತ್ತಿಲ್ಲವ್ವಾ" ಅಂದ. ಜುಲೈ 20ರ ಹೊತ್ತಿಗೆ ಸಿಟ್ಟು ಹೋಗಿ ಬೇರೊಂದು ಬಂತು. ಎದುರು ಮನೆಯವರು ತನ್ನ ಬಗ್ಗೆ ಫೋನಿನಲ್ಲಿ ಸುದ್ದಿ ಮುಟ್ಟಿಸುತ್ತಿದ್ದಾರೆ, ಊಟದಲ್ಲಿ ಏನೋ ಬೆರೆಸಿದ್ದಾರೆ, ರಾತ್ರಿ ಇಬ್ಬರು ಮಾತಾಡುವುದು ಕೇಳಿಸುತ್ತದೆ. ನಿದ್ದೆ ಎರಡು ತಾಸು. ಗಾಳಿ ಹಿಡಿದಿದೆ ಎಂದು ಒಂದು ಗುಡಿಗೂ ಹೋಗಿಬಂದರು. ಆಗಸ್ಟ್ ಮೊದಲ ವಾರ ಆಸ್ಪತ್ರೆಗೆ ಬಂದರು.

ಇಲ್ಲಿ ವೈದ್ಯರ ಮುಂದೆ ನಾಲ್ಕು ಸಾಧ್ಯತೆಗಳಿವೆ. ನಾಲ್ಕೂ ಹೊರಗಿನಿಂದ ಒಂದೇ ಥರ ಕಾಣುತ್ತವೆ. ಬೇರ್ಪಡಿಸಿ ಹೇಳುವುದು ತಾರೀಖು.

ಮೊದಲನೆಯದು, ಈ ಭಯ-ಸಂಶಯವೇ ಫಿಟ್ಸ್ ಆಗಿರಬಹುದು. ಕೈಕಾಲು ಬಡಿಯದೆ, ಮಿದುಳಿನ ಒಂದು ಮೂಲೆಯಲ್ಲೇ ವಿದ್ಯುತ್ ಅಲೆ ಗಂಟೆಗಟ್ಟಲೆ ನಡೆಯುವುದುಂಟು. ಅಂಥವರು ಮಂಕಾಗಿರುತ್ತಾರೆ, ಕೇಳಿದ್ದಕ್ಕೆ ತಡವರಿಸುತ್ತಾರೆ, ಆಮೇಲೆ ಏನೂ ನೆನಪಿರುವುದಿಲ್ಲ. ಆ ಹೊತ್ತಿನಲ್ಲೇ ಇಇಜಿ ತೆಗೆದರೆ ಗೊತ್ತಾಗುತ್ತದೆ. ಬಸವರಾಜ ಪೂರ್ತಿ ಎಚ್ಚರದಲ್ಲಿದ್ದ. ವಾರ, ತಾರೀಖು, ಅಂಗಡಿಯ ಸಾಲದ ಲೆಕ್ಕ ಎಲ್ಲ ಸರಿಯಾಗಿ ಹೇಳಿದ.

ಎರಡನೆಯದು, ಫಿಟ್ಸ್ ಮುಗಿದ ಮೇಲೆ ಬರುವ ಸೈಕೋಸಿಸ್. ಮನೆಯವರು ತಿಳಿದಿರಲೇಬೇಕಾದದ್ದು ಇದು, ಯಾಕೆಂದರೆ ಇದು ಮೋಸ ಮಾಡುತ್ತದೆ. ಒಂದೆರಡು ದಿನದಲ್ಲಿ ಸಾಲಾಗಿ ಫಿಟ್ಸ್ ಬಂದಿರುತ್ತದೆ. ಮಂಪರು ಕಳೆದು ಮನುಷ್ಯ ಸರಿಹೋಗುತ್ತಾನೆ, ಊಟ ಮಾಡುತ್ತಾನೆ, ಮಾತಾಡುತ್ತಾನೆ. ಮನೆಯವರು ಉಸಿರು ಬಿಡುತ್ತಾರೆ. ಹೀಗೆ ಒಂದರಿಂದ ಮೂರು ದಿನ ಸುಮ್ಮನಿದ್ದು, ಒಮ್ಮೆಗೇ ನಿದ್ದೆ ಕೆಟ್ಟು, ತಾನು ದೇವರ ಅವತಾರ ಎಂದೋ ಎಲ್ಲರೂ ತನ್ನನ್ನು ಕೊಲ್ಲಲು ಬರುತ್ತಿದ್ದಾರೆ ಎಂದೋ ಕೂಗಾಡತೊಡಗುತ್ತಾನೆ. ನಡುವೆ ಎರಡು ದಿನ ಚೆನ್ನಾಗಿದ್ದ ಕಾರಣಕ್ಕೇ ಫಿಟ್ಸ್‌ಗೂ ಇದಕ್ಕೂ ಯಾರೂ ಗಂಟು ಹಾಕುವುದಿಲ್ಲ. ತನಗೋ ಇತರರಿಗೋ ಅಪಾಯ ಮಾಡಿಕೊಳ್ಳುವ ಸಂಭವ ಈ ಬಗೆಯಲ್ಲಿ ಹೆಚ್ಚು. ಸಾಮಾನ್ಯವಾಗಿ ಕೆಲವು ದಿನ, ಹೆಚ್ಚೆಂದರೆ ಕೆಲವು ವಾರದಲ್ಲಿ ಇಳಿಯುತ್ತದೆ. ಆದರೆ ಮುಂದಿನ ಸಲ ಸಾಲು ಫಿಟ್ಸ್ ಬಂದಾಗ ಮತ್ತೆ ಬರಬಹುದು. ಒಮ್ಮೆ ಹೀಗಾದವರಿಗೆ, ಮುಂದೆ ಸಾಲು ಫಿಟ್ಸ್ ಬಂದೊಡನೆಯೇ ಕ್ಲೊಬಜಾಮ್‌ನಂಥ ಮಾತ್ರೆಯನ್ನು ಕೆಲವು ದಿನದ ಮಟ್ಟಿಗೆ ಕೊಟ್ಟು ತಡೆಯಲು ಅನೇಕ ವೈದ್ಯರು ಪ್ರಯತ್ನಿಸುತ್ತಾರೆ. ಬಸವರಾಜನ ಕ್ಯಾಲೆಂಡರಿನಲ್ಲಿ ಕೊನೆಯ ಗುರುತಿಗೂ ಸಂಶಯಕ್ಕೂ ನಡುವೆ ಐದು ವಾರ ದಾಟಿದೆ. ಲೆಕ್ಕ ಕೂಡುವುದಿಲ್ಲ.

ಮೂರನೆಯದು, ಎರಡು ಫಿಟ್ಸ್‌ಗಳ ನಡುವಿನ ಕಾಲದಲ್ಲಿ, ಯಾವ ಫಿಟ್ಸ್‌ಗೂ ಸಂಬಂಧವಿಲ್ಲದೆ ತನ್ನ ಪಾಡಿಗೆ ನೆಲೆನಿಲ್ಲುವ ಸೈಕೋಸಿಸ್. ಇದರ ಬಗ್ಗೆ ಇವತ್ತಿಗೂ ಎಲ್ಲರೂ ಮರಳಿ ನೋಡುವ ಕೆಲಸ 1963ರದ್ದು. ಲಂಡನ್ನಿನ ಎಲಿಯಟ್ ಸ್ಲೇಟರ್ ಮತ್ತು ಎ. ಡಬ್ಲ್ಯು. ಬಿಯರ್ಡ್ ಇಂಥ 69 ಜನರನ್ನು ಕೂಲಂಕಷವಾಗಿ ಅಭ್ಯಾಸ ಮಾಡಿದರು. ಮೂರ್ಛೆರೋಗ ಶುರುವಾಗಿ ಸರಾಸರಿ ಹದಿನಾಲ್ಕು ವರ್ಷಗಳ ಮೇಲೆ ಸೈಕೋಸಿಸ್ ಕಾಣಿಸಿಕೊಂಡಿತ್ತು. ಸಂಶಯ, ದನಿ, ವಿಚಿತ್ರ ನಂಬಿಕೆಗಳನ್ನು ನೋಡಿದರೆ ಸ್ಕಿಜೋಫ್ರೇನಿಯಾದ ಪಡಿಯಚ್ಚು. ಆದರೆ ಒಂದು ವ್ಯತ್ಯಾಸ: ಸ್ಕಿಜೋಫ್ರೇನಿಯಾದಲ್ಲಿ ಕಾಲ ಕಳೆದಂತೆ ಮನುಷ್ಯ ಒಳಗೊಳಗೆ ತಣ್ಣಗಾಗಿ, ಮನೆಯವರಿಂದ ದೂರ ಸರಿದುಬಿಡುವುದುಂಟು. ಇವರಲ್ಲಿ ಪ್ರೀತಿ, ಮುಜುಗರ, ನಗು ಹೆಚ್ಚಾಗಿ ಉಳಿದಿತ್ತು. ಈ ಗಮನಿಕೆಯನ್ನು ಆಮೇಲಿನವರು ಪೂರ್ತಿ ಒಪ್ಪಿಲ್ಲ, ಎಲ್ಲರಲ್ಲೂ ಹೀಗಿರುವುದಿಲ್ಲ. ಆದರೂ, "ಎದುರು ಮನೆಯವರು ವಿಷ ಹಾಕುತ್ತಾರೆ" ಎಂದು ನಂಬಿದವನೇ ನಿಮಗೆ ಕುರ್ಚಿ ಎಳೆದುಕೊಟ್ಟು ಚಹಾ ತರಿಸಿದಾಗ ಸ್ಲೇಟರ್ ನೆನಪಾಗದೆ ಇರುವುದಿಲ್ಲ.

ಈ ಮೂರನೇ ಬಗೆ ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ಇರುತ್ತದೆ. ಬಹುಕಾಲದಿಂದ ಹತೋಟಿಗೆ ಬಾರದ ಟೆಂಪೊರಲ್ ಲೋಬ್ ಫಿಟ್ಸ್ ಇರುವವರಲ್ಲಿ, ಮನೆತನದಲ್ಲಿ ಸೈಕೋಸಿಸ್ ಇರುವವರಲ್ಲಿ ಹೆಚ್ಚು. ಫಿಟ್ಸ್ ಮಾತ್ರೆ ಬದಲಿಸಿದರೆ ಹೋಗುವಂಥದ್ದಲ್ಲ, ಮನೋವೈದ್ಯರು ಕೊಡುವ ಸೈಕೋಸಿಸ್ ಮಾತ್ರೆಯೇ ಬೇಕು. ಬಸವರಾಜನಿಗೆ ಹದಿನಾಲ್ಕು ವರ್ಷದಿಂದ ಫಿಟ್ಸ್ ಇದೆ. ಟೆಂಪೊರಲ್ ಲೋಬ್‌ನದೇ. ಸರಾಸರಿ ಲೆಕ್ಕ ಅಕ್ಷರಶಃ ಕೂಡಿಬಂದಿದೆ! ಅವಸರದ ವೈದ್ಯರಾದರೆ ಇಲ್ಲಿಗೇ ನಿಲ್ಲುತ್ತಿದ್ದರು. ಹಾಗೆ ನಿಂತಿದ್ದರೆ ಬಸವರಾಜ ವರ್ಷಗಟ್ಟಲೆ ಬೇಡದ ಮಾತ್ರೆ ನುಂಗುತ್ತ, ಬೇಕಾದ ಬದಲಾವಣೆ ಆಗದೆ ಉಳಿಯುತ್ತಿದ್ದ.

ಯಾಕೆಂದರೆ ನಾಲ್ಕನೆಯದು ಇದೆ: ಮಾತ್ರೆಯಿಂದಲೇ ಬಂದದ್ದು. ಲೆವೆಟಿರಾಸಿಟಮ್ ಕಂಪನಿಯ ಸ್ವಂತ ಪ್ರಯೋಗಗಳಲ್ಲಿ, ಅದನ್ನು ನುಂಗಿದ ವಯಸ್ಕರಲ್ಲಿ ನೂರಕ್ಕೆ ಹದಿಮೂರು ಜನರಿಗೆ ಸಿಡುಕು, ಜಗಳಗಂಟತನ, ಆತಂಕದಂಥ ನಡವಳಿಕೆಯ ತೊಂದರೆ ಆಗಿತ್ತು. ಹುಸಿಮಾತ್ರೆ ನುಂಗಿದವರಲ್ಲಿ ಆರು ಜನರಿಗೆ. ಮಕ್ಕಳಲ್ಲಿ ಇನ್ನೂ ಹೆಚ್ಚು. ಸೈಕೋಸಿಸ್ ನೂರಕ್ಕೆ ಒಬ್ಬರಿಗೆ. ಅಂದರೆ ಬಹುಪಾಲು ಜನರಿಗೆ ಇದು ಏನೂ ಮಾಡದ ಮಾತ್ರೆ, ಹಾಗಾಗಿಯೇ ಇಷ್ಟು ಜನಪ್ರಿಯ. ಆದರೆ ಮೊದಲೇ ಖಿನ್ನತೆ, ಆತಂಕ, ಸಿಟ್ಟಿನ ತೊಂದರೆ ಇದ್ದವರಿಗೆ ಅಪಾಯ ಹೆಚ್ಚು. ಮಾತ್ರೆ ಕೊಡುವ ಮುಂಚೆ "ಹಿಂದೆ ಮನಸ್ಸಿನ ತೊಂದರೆ ಇತ್ತಾ? ಮನೆಯಲ್ಲಿ ಯಾರಿಗಾದರೂ?" ಎಂದು ಕೇಳಲು ಅರ್ಧ ನಿಮಿಷ ಸಾಕು. ಬಸವರಾಜನ ಸೋದರಮಾವ ಆತ್ಮಹತ್ಯೆ ಮಾಡಿಕೊಂಡಿದ್ದರು. ಯಾರೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ.

ಈ ನಾಲ್ಕನೆಯದರ ಬೆನ್ನಿಗೇ ಇನ್ನೊಂದು ಸೋಜಿಗ ಅಂಟಿಕೊಂಡಿದೆ. ಬಸವರಾಜನ ಹಳೆಯ ಇಇಜಿಯಲ್ಲಿ ಎಡ ಟೆಂಪೊರಲ್ ಕಡೆ ಚೂಪಾದ ಮುಳ್ಳಿನಂಥ ಅಲೆಗಳಿದ್ದವು. ಆಗಸ್ಟಿನಲ್ಲಿ ತೆಗೆದದ್ದರಲ್ಲಿ ಅವು ಮಾಯ. ಕಾಗದದ ಮೇಲೆ ಮಿದುಳು ಹಿಂದೆಂದಿಗಿಂತ ಚೆನ್ನಾಗಿದೆ, ಮನುಷ್ಯ ಹಿಂದೆಂದಿಗಿಂತ ಕೆಟ್ಟಿದ್ದಾನೆ. ಸ್ವಿಟ್ಜರ್ಲೆಂಡಿನ ಹೈನ್ರಿಶ್ ಲ್ಯಾಂಡೋಲ್ಟ್ 1950ರ ದಶಕದಲ್ಲಿ ಇದನ್ನೇ ಗಮನಿಸಿ ಬರೆದಿದ್ದರು. ಫಿಟ್ಸ್ ಹಟಾತ್ತನೆ ನಿಂತು ಇಇಜಿ ನೆಟ್ಟಗಾದ ಕೆಲವರಲ್ಲಿ ಸೈಕೋಸಿಸ್ ತಲೆಯೆತ್ತುತ್ತದೆ. ಫಿಟ್ಸ್ ಮರಳಿದರೆ ಅದು ಇಳಿಯುತ್ತದೆ. ವೈದ್ಯರು ಇದನ್ನು ಬಲವಂತದ ಸಹಜತೆ ಎನ್ನುತ್ತಾರೆ. ತಾಯಿ ಹೇಳಿದ ಆ ಎರಡು ವಾಕ್ಯ ಲ್ಯಾಂಡೋಲ್ಟ್ ಬರೆದದ್ದಕ್ಕಿಂತ ಬೇರೆಯೇನಲ್ಲ.

ಇದಕ್ಕೂ ಮುಂಚೆ ಬುಡಾಪೆಸ್ಟಿನ ಲ್ಯಾಡಿಸ್ಲಾಸ್ ಮೆಡುನಾ ಎಂಬ ವೈದ್ಯರು ಫಿಟ್ಸ್‌ಗೂ ಸ್ಕಿಜೋಫ್ರೇನಿಯಾಕ್ಕೂ ಹುಟ್ಟುವೈರ ಎಂದು ನಂಬಿ, 1934ರಲ್ಲಿ ಸ್ಕಿಜೋಫ್ರೇನಿಯಾ ರೋಗಿಗಳಿಗೆ ಕರ್ಪೂರದ ಚುಚ್ಚುಮದ್ದಿನಿಂದ ಫಿಟ್ಸ್ ಬರಿಸಿ ಚಿಕಿತ್ಸೆ ಮಾಡಿದ್ದರು. ಇವತ್ತಿನ ವಿದ್ಯುತ್ ಚಿಕಿತ್ಸೆಗೆ ಅದೇ ಮೂಲ. ಒಟ್ಟು ಲೆಕ್ಕದಲ್ಲಿ ಮೆಡುನಾ ನಂಬಿಕೆ ತಪ್ಪು, ಮೂರ್ಛೆರೋಗಿಗಳಿಗೆ ಸೈಕೋಸಿಸ್ ಹೆಚ್ಚೇ ಬರುತ್ತದೆ. ಆದರೆ ಲ್ಯಾಂಡೋಲ್ಟ್ ಕಂಡ ಬೆರಳೆಣಿಕೆಯ ಜನರಲ್ಲಿ ಆ ವೈರ ನಿಜವೂ ಹೌದು. ಎರಡೂ ಒಟ್ಟಿಗೆ ಹೇಗೆ ನಿಜವಾಗುತ್ತದೆ ಎಂಬುದಕ್ಕೆ ಒಪ್ಪಿಗೆಯಾದ ಉತ್ತರ ಈವರೆಗೆ ಸಿಕ್ಕಿಲ್ಲ.

ಬಸವರಾಜನಿಗೆ ಏನು ಮಾಡಿದರು? ಲೆವೆಟಿರಾಸಿಟಮ್ ಒಂದೇಟಿಗೆ ನಿಲ್ಲಿಸಲಿಲ್ಲ. ಹಾಗೆ ನಿಲ್ಲಿಸಿದರೆ ಫಿಟ್ಸ್ ಒಂದರ ಮೇಲೊಂದು ಬಂದು ಜೀವಕ್ಕೇ ಕುತ್ತಾಗಬಹುದು. ವಾರಕ್ಕೆ 500 ಮಿಲಿಗ್ರಾಂನಂತೆ ನಾಲ್ಕು ವಾರದಲ್ಲಿ ಇಳಿಸಿದರು. ಆ ಅವಧಿಗೆ ರಾತ್ರಿ ಕ್ಲೊಬಜಾಮ್ ಆಸರೆ. ಮನೋವೈದ್ಯರು ರಿಸ್ಪೆರಿಡೋನ್ 1 ಮಿಲಿಗ್ರಾಂನಿಂದ ಶುರುಮಾಡಿದರು. ಒಂದು ವಾರವಾದರೂ ನಿದ್ದೆ ಬಿಟ್ಟು ಬೇರೇನೂ ಸುಧಾರಿಸಲಿಲ್ಲ. ಕಾರಣ ಹಳೆಯ ಕಾರ್ಬಮಜೆಪಿನ್: ಅದು ಲಿವರ್ ಅನ್ನು ಚುರುಕುಗೊಳಿಸಿ ರಿಸ್ಪೆರಿಡೋನನ್ನು ಬೇಗ ಕರಗಿಸಿಬಿಡುತ್ತದೆ. ನರರೋಗ ತಜ್ಞರೂ ಮನೋವೈದ್ಯರೂ ಒಬ್ಬರ ಚೀಟಿ ಇನ್ನೊಬ್ಬರು ನೋಡದಿದ್ದರೆ ಸಿಕ್ಕಿಬೀಳುವುದು ಇಂಥಲ್ಲೇ. ನೋಡಿದ್ದರಿಂದ 2 ಮಿಲಿಗ್ರಾಂಗೆ ಏರಿಸಿದರು. ಆಗಸ್ಟ್ ಕೊನೆಗೆ ದನಿಗಳು ನಿಂತವು. ಸೆಪ್ಟೆಂಬರ್ ಮೊದಲ ವಾರ ಎದುರು ಮನೆಯ ವಿಷಯ ಕೇಳಿದರೆ ನಾಚಿಕೊಂಡು, "ಅದೆಲ್ಲಾ ಬಿಡ್ರಿ ಸರ್" ಅಂದ.

ಅದೇ ವಾರ ಕ್ಯಾಲೆಂಡರಿನಲ್ಲಿ ಮತ್ತೆ ಕೆಂಪು ಗುರುತು ಬಿತ್ತು.

ಈಗ ನಿಜವಾದ ಕಷ್ಟ. ಫಿಟ್ಸ್ ಸೊನ್ನೆಯಾಗುವ ಮಾತ್ರೆ ಇವನ ಮನಸ್ಸಿಗೆ ಆಗಿಬರುವುದಿಲ್ಲ, ಮನಸ್ಸಿಗೆ ಆಗಿಬರುವ ಮಾತ್ರೆಯಲ್ಲಿ ಫಿಟ್ಸ್ ಪೂರ್ತಿ ನಿಲ್ಲುವುದಿಲ್ಲ. ಸೊನ್ನೆಯೇ ಗುರಿ ಎಂದು ನರರೋಗ ತಜ್ಞರು ಪಾಠ ಕಲಿತವರು. ತಿಂಗಳಿಗೆ ಒಂದು ಫಿಟ್ಸ್ ಸಹಿಸಿಕೊಂಡು ನೆಮ್ಮದಿಯಾಗಿ ಬಟ್ಟೆ ಹೊಲಿಯುವ ಬಸವರಾಜ ಅವರ ಲೆಕ್ಕದಲ್ಲಿ ಸೋಲು. ನನ್ನ ಅಭಿಪ್ರಾಯ ಕೇಳಿದರೆ, ಈ ಲೆಕ್ಕ ಹಾಕಬೇಕಾದವರು ಬಸವರಾಜ ಮತ್ತು ಅವನ ತಾಯಿ. ವೈದ್ಯರು ಅಂಕಿಗಳನ್ನು ಮುಂದಿಡಬೇಕು ಅಷ್ಟೆ. ಲೆವೆಟಿರಾಸಿಟಮ್ ಬದಲು ಲ್ಯಾಮೊಟ್ರಿಜಿನ್ ಅನ್ನು, ಮೈಮೇಲೆ ದದ್ದು ಏಳದ ಹಾಗೆ ವಾರಗಟ್ಟಲೆ ನಿಧಾನವಾಗಿ ಏರಿಸುತ್ತ ಹೋದರು. ಇದು ಮನಸ್ಥಿತಿಯನ್ನು ಹಿಡಿದಿಡುವ ಗುಣವಿರುವ ಮಾತ್ರೆ. ಎಂಆರ್‌ಐಯಲ್ಲಿ ಎಡ ಹಿಪೊಕ್ಯಾಂಪಸ್ ಮುದುಡಿರುವುದು ಕಂಡಿತು. ಕೂಸಾಗಿದ್ದಾಗಿನ ಆ ಜ್ವರದ ಫಿಟ್ಸ್‌ಗೂ ಇದಕ್ಕೂ ನಂಟು ಇರುವುದುಂಟು. ಹೀಗಿದ್ದವರಿಗೆ ಶಸ್ತ್ರಚಿಕಿತ್ಸೆಯ ದಾರಿ ಇದೆ. 2001ರಲ್ಲಿ ಕೆನಡಾದಲ್ಲಿ ನಡೆದ ಹೋಲಿಕೆಯ ಅಧ್ಯಯನದಲ್ಲಿ, ಶಸ್ತ್ರಚಿಕಿತ್ಸೆಗೆ ಆಯ್ಕೆಯಾದವರಲ್ಲಿ ನೂರಕ್ಕೆ 58 ಜನ ಒಂದು ವರ್ಷದ ಕೊನೆಗೆ ಎಚ್ಚರ ತಪ್ಪುವ ಫಿಟ್ಸ್‌ನಿಂದ ಮುಕ್ತರಾಗಿದ್ದರು. ಬರೀ ಮಾತ್ರೆಯಲ್ಲಿದ್ದವರಲ್ಲಿ ಎಂಟು ಜನ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ, ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆಯಲ್ಲಿ ಈ ಶಸ್ತ್ರಚಿಕಿತ್ಸೆ ಮಾಡುತ್ತಾರೆ. ಸೈಕೋಸಿಸ್ ಬಂದು ಹೋದದ್ದು ಅದಕ್ಕೆ ಅಡ್ಡಿಯಲ್ಲ. ಆದರೆ ಶಸ್ತ್ರಚಿಕಿತ್ಸೆಯಾದ ಮೊದಲ ಕೆಲವು ತಿಂಗಳಲ್ಲಿ, ಫಿಟ್ಸ್ ನಿಂತ ಸಂತೋಷದ ನಡುವೆಯೇ, ಖಿನ್ನತೆ ಕಾಣಿಸಿಕೊಳ್ಳಬಹುದು. ಆದ್ದರಿಂದ ಮುಂಚೆಯೂ ಆಮೇಲೂ ಮನೋವೈದ್ಯರ ಕಣ್ಣು ಬೇಕು.

ಇಷ್ಟು ಹೊತ್ತು ಸೈಕೋಸಿಸ್ ಕಥೆ ಹೇಳಿದ್ದು ಅದು ಎದ್ದು ಕಾಣುತ್ತದೆ ಎಂಬ ಕಾರಣಕ್ಕೆ. ಖಿನ್ನತೆ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು, ಆದರೆ ಗದ್ದಲ ಮಾಡುವುದಿಲ್ಲ. ಮೂರ್ಛೆರೋಗದಲ್ಲಿ ಅದು ಬರೀ ಅಳುವಾಗಿ ಬರುವುದೂ ಕಡಿಮೆ. ಕೆಲವು ದಿನ ಸುಮ್ಮಸುಮ್ಮನೆ ಸಿಡುಕು, ಮೈಕೈ ನೋವು, ನಿದ್ದೆಯಿಲ್ಲ, ಯಾರೂ ಬೇಡ. ಮತ್ತೆ ಕೆಲವು ದಿನ ಸರಿ. ಹೀಗೆ ಬಂದುಹೋಗುವ ರೂಪದಲ್ಲಿರುವುದರಿಂದ ಮನೆಯವರು ಸ್ವಭಾವ ಅಂದುಕೊಳ್ಳುತ್ತಾರೆ, ವೈದ್ಯರು ಕೇಳುವುದಿಲ್ಲ. ಕೇಳಲು ದೊಡ್ಡ ಪರೀಕ್ಷೆ ಬೇಕಿಲ್ಲ. ಮೂರ್ಛೆರೋಗಿಗಳಿಗೆಂದೇ ಆರು ಪ್ರಶ್ನೆಗಳ ಒಂದು ಪಟ್ಟಿಯನ್ನು 2006ರಲ್ಲಿ ರೂಪಿಸಿದ್ದಾರೆ. ಕಾಯುವ ಬೆಂಚಿನಲ್ಲೇ ಮೂರು ನಿಮಿಷದಲ್ಲಿ ತುಂಬಬಹುದು. ಮಾತ್ರೆಯ ಅಡ್ಡಪರಿಣಾಮದಿಂದಾಗುವ ಸುಸ್ತು, ಮರೆವುಗಳನ್ನು ಖಿನ್ನತೆ ಎಂದು ತಪ್ಪಾಗಿ ಲೆಕ್ಕ ಹಾಕದಂತೆ ಅದರ ಪ್ರಶ್ನೆಗಳನ್ನು ಆರಿಸಿದ್ದಾರೆ.

ಮಾತ್ರೆಗಳ ಪಾಲು ಇಲ್ಲಿಯೂ ಇದೆ. ನಮ್ಮ ಕಡೆ ಗಾರ್ಡಿನಾಲ್ ಎಂದೇ ಹೆಸರಾದ ಫಿನೋಬಾರ್ಬಿಟಾಲ್ ಅಗ್ಗದ ಮಾತ್ರೆ, ತಲೆಮಾರುಗಳಿಂದ ಜೀವ ಉಳಿಸಿದೆ. ಆದರೆ ಅದು ದೊಡ್ಡವರನ್ನು ಮಂಕು ಮಾಡಿ ಖಿನ್ನತೆಗೆ ತಳ್ಳಬಹುದು, ಮಕ್ಕಳನ್ನು ಉಲ್ಟಾ ಚೇಷ್ಟೆಗೆ ಇಳಿಸಬಹುದು. ಟೊಪಿರಮೇಟ್ ಅನ್ನು ಅವಸರದಲ್ಲಿ ಏರಿಸಿದರೆ ಮನಸ್ಸು ಕುಗ್ಗುತ್ತದೆ, ಬಾಯಿಗೆ ಬರಬೇಕಾದ ಪದ ಸಿಗುವುದಿಲ್ಲ. ನಿಧಾನವಾಗಿ ಏರಿಸಿದರೆ ಈ ತೊಂದರೆ ಎಷ್ಟೋ ಕಡಿಮೆ. ಪೆರಂಪನೆಲ್ ಹೆಚ್ಚಿನ ಪ್ರಮಾಣದಲ್ಲಿ ಹಗೆತನದ ಸಿಟ್ಟು ತರಬಹುದೆಂದು ಅದರ ಮಾಹಿತಿಪತ್ರದಲ್ಲೇ ಎಚ್ಚರಿಕೆ ಇದೆ. ಇನ್ನೊಂದು ಕಡೆ ವಾಲ್ಪ್ರೊಯೇಟ್, ಕಾರ್ಬಮಜೆಪಿನ್, ಲ್ಯಾಮೊಟ್ರಿಜಿನ್ ಮನಸ್ಥಿತಿಯ ಏರಿಳಿತಕ್ಕೂ ಮದ್ದು. ಹಾಗಾಗಿ ಫಿಟ್ಸ್ ಇಲ್ಲವೆಂದು ಇವುಗಳಲ್ಲೊಂದನ್ನು ನಿಲ್ಲಿಸಿದಾಗ, ಅಷ್ಟು ವರ್ಷ ಅದರಡಿ ಅಡಗಿದ್ದ ಖಿನ್ನತೆಯೋ ಉನ್ಮಾದವೋ ಹೊರಬರಬಹುದು. ಹೊಸ ಮಾತ್ರೆಯಷ್ಟೇ ಅಲ್ಲ, ಬಿಟ್ಟ ಮಾತ್ರೆಯೂ ಆರೋಪಿ.

2008ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಹನ್ನೊಂದು ಫಿಟ್ಸ್ ಔಷಧಗಳ 199 ಪ್ರಯೋಗಗಳನ್ನು ಒಟ್ಟು ಮಾಡಿ ನೋಡಿತು. ಮಾತ್ರೆ ನುಂಗಿದವರಲ್ಲಿ ಸಾವಿರಕ್ಕೆ ಸುಮಾರು ನಾಲ್ಕು ಜನರಿಗೆ ಆತ್ಮಹತ್ಯೆಯ ಯೋಚನೆ ಅಥವಾ ಪ್ರಯತ್ನ ಕಂಡಿತು, ಹುಸಿಮಾತ್ರೆಯವರಲ್ಲಿ ಎರಡು. ಸುದ್ದಿ ಓದಿ ಹೆದರಿದವರು ಬಹಳ. ಆದರೆ ಈ ಅಂಕಿ ಎಲ್ಲ ಮಾತ್ರೆಗಳನ್ನೂ ಒಂದೇ ಮೂಟೆಗೆ ಕಟ್ಟಿತು ಎಂಬ ತಕರಾರು ಇದೆ, ನನಗೂ ಅದು ಸರಿಯೆನಿಸುತ್ತದೆ. ಹೆದರಿ ಮಾತ್ರೆ ಬಿಟ್ಟವರಿಗೆ ಆಗುವ ಹಾನಿಯೇ ಇದಕ್ಕಿಂತ ದೊಡ್ಡದು.

ಇದಕ್ಕೆ ಎದುರಾದ ಇನ್ನೊಂದು ಹೆದರಿಕೆ ವೈದ್ಯರಲ್ಲೇ ಇದೆ: ಖಿನ್ನತೆಯ ಮಾತ್ರೆ ಕೊಟ್ಟರೆ ಫಿಟ್ಸ್ ಜಾಸ್ತಿಯಾಗುತ್ತದೆ ಎಂದು. ಇದೇ ಕಾರಣಕ್ಕೆ ಎಷ್ಟೋ ಜನ ಮದ್ದಿಲ್ಲದೆ ಉಳಿದಿದ್ದಾರೆ. ಕ್ಲೊಮಿಪ್ರಮಿನ್, ಬ್ಯುಪ್ರೊಪಿಯಾನ್‌ನಂಥ ಕೆಲವು ಮಾತ್ರೆಗಳ ಮಟ್ಟಿಗೆ, ಸೈಕೋಸಿಸ್ ಮಾತ್ರೆಗಳಲ್ಲಿ ಕ್ಲೋಜಪಿನ್ ಮಟ್ಟಿಗೆ ಆ ಮಾತು ನಿಜ. ಆದರೆ ಇವತ್ತು ಹೆಚ್ಚು ಬಳಕೆಯಲ್ಲಿರುವ ಸೆರ್ಟ್ರಾಲಿನ್, ಎಸ್ಸಿಟಲೋಪ್ರಾಮ್‌ನಂಥವು ಸರಿಯಾದ ಪ್ರಮಾಣದಲ್ಲಿ ಫಿಟ್ಸ್ ಹೆಚ್ಚಿಸುತ್ತವೆ ಎನ್ನಲು ಆಧಾರವಿಲ್ಲ. ಖಿನ್ನತೆಯ ಮಾತ್ರೆಗಳ ಪ್ರಯೋಗಗಳನ್ನು ಮರುಪರಿಶೀಲಿಸಿ 2007ರಲ್ಲಿ ಪ್ರಕಟವಾದ ವರದಿಯಲ್ಲಿ, ಇಂಥ ಮಾತ್ರೆ ನುಂಗಿದವರಿಗಿಂತ ಹುಸಿಮಾತ್ರೆ ನುಂಗಿದ ಖಿನ್ನತೆಯವರಲ್ಲೇ ಫಿಟ್ಸ್ ಹೆಚ್ಚು ಕಂಡಿತ್ತು.

ಕಾನೂನಿನ ಒಂದು ಮಾತು ಹೇಳಿಬಿಡುತ್ತೇನೆ, ಯಾಕೆಂದರೆ ಖಿನ್ನತೆಗೆ ಮಿದುಳು, ಮಾತ್ರೆಗಳಷ್ಟೇ ಕಾರಣವಲ್ಲ. 1999ರವರೆಗೆ ಹಿಂದೂ ವಿವಾಹ ಕಾಯ್ದೆಯಲ್ಲಿ ಮೂರ್ಛೆರೋಗವಿದ್ದವರ ಮದುವೆಗೇ ತಕರಾರು ಎತ್ತಬಹುದಿತ್ತು. ಆ ವರ್ಷದ ತಿದ್ದುಪಡಿ ಅದನ್ನು ತೆಗೆದುಹಾಕಿತು. ಕಾಯ್ದೆಯಿಂದ ಹೋದದ್ದು ಜಾತಕ ನೋಡುವ ಜಗಲಿಯಿಂದ ಹೋಗಿಲ್ಲ. ಅದಕ್ಕೇ ಮನೆಯವರು ಫಿಟ್ಸ್ ಮುಚ್ಚಿಡುತ್ತಾರೆ, ಮನಸ್ಸಿನ ತೊಂದರೆಯನ್ನಂತೂ ಎರಡು ಪಟ್ಟು ಮುಚ್ಚಿಡುತ್ತಾರೆ.

ಮನೆಯಲ್ಲಿ ಮೂರ್ಛೆರೋಗವಿರುವವರಿದ್ದರೆ ಗೋಡೆಯ ಕ್ಯಾಲೆಂಡರಿನಲ್ಲಿ ಮೂರು ಬಗೆಯ ದಿನ ಬರೆದಿಡಿ: ಫಿಟ್ಸ್ ಬಂದ ದಿನ, ಮಾತ್ರೆ ಶುರುಮಾಡಿದ, ಏರಿಸಿದ ಅಥವಾ ಬಿಟ್ಟ ದಿನ, ನಡವಳಿಕೆ ಬದಲಾದ ದಿನ. ಮುಂದಿನ ಸಲ ವೈದ್ಯರಲ್ಲಿಗೆ ಹೋಗುವಾಗ ಆ ಹಾಳೆಯ ಫೋಟೊ ತೋರಿಸಿ. ಸಾಲು ಫಿಟ್ಸ್ ಆದ ಮೇಲೆ ಒಂದು ವಾರ ನಿದ್ದೆಯ ಮೇಲೆ ಕಣ್ಣಿಡಿ. ನಿದ್ದೆ ಕೆಟ್ಟು ಮಾತು ದಿಕ್ಕುತಪ್ಪಿದರೆ ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ. ಹೊಸ ಮಾತ್ರೆಯಿಂದ ಸಿಟ್ಟು ಬಂದಿದೆ ಅನ್ನಿಸಿದರೂ ನೀವೇ ನಿಲ್ಲಿಸಬೇಡಿ, ಬರೆದುಕೊಟ್ಟವರಿಗೆ ಫೋನ್ ಮಾಡಿ. ಸಾಯುವ ಮಾತು ಬಂದರೆ ಮುಂದಿನ ತಾರೀಖಿನವರೆಗೆ ಕಾಯಬೇಡಿ, ಒಬ್ಬರನ್ನೇ ಬಿಡಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.